ಶೇಕಡಾ ಹದಿನೆಂಟು, ಆದರೆ ಯಾವುದರ ಮೇಲೆ?

ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಗಿ, ಆಮೇಲೆ ಉಳಿದ ಜಿಲ್ಲೆಗಳಿಗೂ ಹರಡಿತು. ಆ ಊಟದಿಂದ ಮಕ್ಕಳಿಗೆ ಏನಾಯಿತು ಎಂದು ಹುಡುಕಿದ ಸಂಶೋಧನೆಗಳು ಅಂದಿನಿಂದ ಬರುತ್ತಲೇ ಇವೆ. ಬಿಸಿಯೂಟವನ್ನೇ ಪ್ರಬಂಧದ ವಿಷಯವಾಗಿ ಆರಿಸಿಕೊಂಡ ಎಂ.ಎ. ಅಥವಾ ಪಿಎಚ್.ಡಿ. ವಿದ್ಯಾರ್ಥಿ ಇಂಥ ಮೂವತ್ತು ನಲವತ್ತು ಲೇಖನಗಳನ್ನು ಓದಬೇಕಾಗುತ್ತದೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಯಾವ ಊರಿನ, ಯಾವ ವಯಸ್ಸಿನ ಮಕ್ಕಳ ಕುರಿತಾಗಿತ್ತು ಎಂಬುದು ಮರೆತುಹೋಗಿರುತ್ತದೆ.

ಅದಕ್ಕೇ ಗೈಡ್‌ಗಳು ಲಿಟರೇಚರ್ ಮ್ಯಾಟ್ರಿಕ್ಸ್ ಮಾಡಿಕೊಳ್ಳಿ ಎನ್ನುವುದು. ಅದೊಂದು ಎಕ್ಸೆಲ್ ಶೀಟ್. ಒಂದು ಅಧ್ಯಯನಕ್ಕೆ ಒಂದು ಸಾಲು. ವಿಧಾನ, ಸ್ಯಾಂಪಲ್, ಫಲಿತಾಂಶ, ದೌರ್ಬಲ್ಯ ಇವಕ್ಕೆ ಒಂದೊಂದು ಕಾಲಂ. ಮಾಡುವುದು ಸುಲಭ. ಆದರೆ ಹೆಚ್ಚಿನವರ ಶೀಟಿನಲ್ಲಿ ಲೇಖನದ ಸಾರಾಂಶದಿಂದ ಎತ್ತಿ ಅಂಟಿಸಿದ ವಾಕ್ಯಗಳಷ್ಟೇ ತುಂಬಿರುತ್ತವೆ, ಅಧ್ಯಾಯ ಬರೆಯಲು ಕೂತಾಗ ಅವು ಯಾವ ಉಪಯೋಗಕ್ಕೂ ಬರುವುದಿಲ್ಲ. ಎಲ್ಲಿ ಕೆಡುತ್ತದೆ ಎಂಬುದು ನಿಜವಾದ ಸಾಲುಗಳನ್ನು ತುಂಬಿ ನೋಡಿದರೆ ಗೊತ್ತಾಗುತ್ತದೆ.

ಮೊದಲ ಸಾಲಿಗೆ ಫರ್ಜಾನಾ ಅಫ್ರಿದಿ ಅವರು 2010ರಲ್ಲಿ ಪ್ರಕಟಿಸಿದ, ಮಧ್ಯಪ್ರದೇಶದ ಅಧ್ಯಯನ. ಹಿಂದಿನ 24 ಗಂಟೆಗಳಲ್ಲಿ ಮಗು ಏನೇನು ತಿಂದಿತು ಎಂದು ಕೇಳಿ ಬರೆದುಕೊಳ್ಳುವುದು ಇದರ ವಿಧಾನ. ಕೆಲವು ಮಕ್ಕಳ ಲೆಕ್ಕ ಶಾಲೆ ಇದ್ದ ದಿನದ್ದು, ಕೆಲವರದ್ದು ರಜೆಯ ದಿನದ್ದು. ಎರಡನ್ನೂ ಹೋಲಿಸಿದಾಗ ಊಟದ ಪರಿಣಾಮ ಸಿಗುತ್ತದೆ. ಫಲಿತಾಂಶದಲ್ಲಿ ಶೇ. 49ರಿಂದ 100 ಎಂಬ ಅಂಕಿ ಇದೆ. ಅವಸರದಲ್ಲಿ ಓದಿದವರು ‘ಪೋಷಕಾಂಶ ಸೇವನೆ ಶೇ. 49–100 ಹೆಚ್ಚಿತು’ ಎಂದು ಬರೆದುಕೊಳ್ಳುತ್ತಾರೆ. ಅದು ತಪ್ಪು. ಲೇಖನ ಹೇಳುವುದು ಬೇರೆ: ಶಾಲೆಯ ತಟ್ಟೆಯಲ್ಲಿ ಎಷ್ಟು ಪೋಷಕಾಂಶ ಸಿಕ್ಕಿತೋ ಅದರ ಶೇ. 49ರಿಂದ 100ರಷ್ಟು ಮಗುವಿನ ಇಡೀ ದಿನದ ಲೆಕ್ಕಕ್ಕೆ ಹೆಚ್ಚುವರಿಯಾಗಿ ಸೇರಿತು. ಮಗು ಶಾಲೆಯಲ್ಲಿ ಉಂಡಿದೆಯಲ್ಲ ಎಂದು ಮನೆಯವರು ಅಷ್ಟೇ ಪ್ರಮಾಣದಲ್ಲಿ ಕಡಿತ ಮಾಡಿಬಿಟ್ಟರೇ ಎಂಬ ಹಳೆಯ ಅನುಮಾನಕ್ಕೆ ಕೊಟ್ಟ ಉತ್ತರ ಅದು. ಎರಡು ವಾಕ್ಯಗಳಿಗೂ ಅಂಕಿ ಒಂದೇ, ಅರ್ಥಕ್ಕೆ ಸಂಬಂಧವೇ ಇಲ್ಲ.

ಎರಡನೆಯ ಸಾಲು ತನಿಕಾ ಚಕ್ರವರ್ತಿ ಮತ್ತು ರಾಜಶ್ರೀ ಜಯರಾಮನ್ ಅವರ 2019ರ ಲೇಖನಕ್ಕೆ. ಬೇರೆ ಬೇರೆ ರಾಜ್ಯಗಳು ಬೇರೆ ಬೇರೆ ಕಾಲಕ್ಕೆ ಬಿಸಿಯೂಟ ಶುರು ಮಾಡಿದ್ದರಿಂದ, ಒಂದೇ ವಯಸ್ಸಿನ ಮಕ್ಕಳಲ್ಲೂ ಕೆಲವರಿಗೆ ಹೆಚ್ಚು ವರ್ಷ, ಕೆಲವರಿಗೆ ಕಡಿಮೆ ವರ್ಷ ಊಟ ಸಿಕ್ಕಿತ್ತು. ಆ ವ್ಯತ್ಯಾಸವನ್ನು ‘ಅಸರ್’ ಸಮೀಕ್ಷೆಯ ಓದು ಮತ್ತು ಗಣಿತದ ಅಂಕಗಳ ಪಕ್ಕದಲ್ಲಿಟ್ಟು ಅವರು ಲೆಕ್ಕ ಹಾಕಿದರು. ಐದು ವರ್ಷದವರೆಗೆ ಊಟ ಸಿಕ್ಕ ಮಕ್ಕಳ ಓದಿನ ಅಂಕ ಶೇ. 18, ಗಣಿತದ ಅಂಕ ಶೇ. 9 ಹೆಚ್ಚು. ಯಾರಿಗಿಂತ? ಊಟವೇ ಸಿಗದವರಿಗಿಂತ ಅಲ್ಲ, ಒಂದು ವರ್ಷಕ್ಕಿಂತ ಕಡಿಮೆ ಕಾಲ ಸಿಕ್ಕವರಿಗಿಂತ.

ಮೂರನೆಯದು ಸುಮನ್ ಚಕ್ರವರ್ತಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ್ದು. ಬಾಲ್ಯದಲ್ಲಿ ಬಿಸಿಯೂಟ ಉಂಡ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರ ಹೇಗಿದೆ ಎಂದು ಇದು ನೋಡುತ್ತದೆ. ಇಲ್ಲಿನ ಅಂಕಿ ಶೇ. 13ರಿಂದ 32. ಮಕ್ಕಳು ಅಷ್ಟು ಪಾಲು ಎತ್ತರವಾದರು ಎಂದಲ್ಲ. 2006ರಿಂದ 2016ರವರೆಗೆ ದೇಶದ ಮಕ್ಕಳ ವಯಸ್ಸಿಗೆ ತಕ್ಕ ಎತ್ತರದಲ್ಲಿ ಕಂಡ ಸುಧಾರಣೆಯಲ್ಲಿ ಅಷ್ಟು ಪಾಲಿಗೆ ಬಿಸಿಯೂಟದ ನಂಟಿದೆ ಎಂದು ಲೇಖಕರ ಅಂದಾಜು.

ಮೂರು ಸಾಲಿನಲ್ಲೂ ಶೇಕಡಾ ಇದೆ, ಮೂರರ ಬುಡವೂ ಬೇರೆ. ಹಾಗಾಗಿ ‘ಫಲಿತಾಂಶ’ ಎಂಬ ಒಂದೇ ಕಾಲಂ ಸಾಲದು. ಅದನ್ನು ಒಡೆದು, ಏನನ್ನು ಅಳೆದರು, ಅಂಕಿ ಎಷ್ಟು, ಯಾವುದರ ಮೇಲೆ ಅಥವಾ ಯಾರಿಗೆ ಹೋಲಿಸಿ, ಲೇಖನದ ಎಷ್ಟನೇ ಪುಟ ಎಂದು ನಾಲ್ಕು ಕಾಲಂ ಮಾಡಬೇಕು. ಪುಟಸಂಖ್ಯೆಯ ಕಾಲಂ ನೋಡಲು ಕ್ಷುಲ್ಲಕ. ಆರು ತಿಂಗಳ ಮೇಲೆ ಗೈಡ್ ‘ಈ ಅಂಕಿ ಎಲ್ಲಿದೆ ತೋರಿಸಿ’ ಎಂದಾಗ ಅದರ ಬೆಲೆ ತಿಳಿಯುತ್ತದೆ. ಲೇಖನದಲ್ಲಿ ಇಲ್ಲದ ಮಾಹಿತಿಯ ಜಾಗವನ್ನು ಖಾಲಿ ಬಿಡದೆ ‘ತಿಳಿಸಿಲ್ಲ’ ಎಂದೇ ಬರೆಯಬೇಕು. ಖಾಲಿ ಬಿಟ್ಟರೆ, ಲೇಖಕರು ಹೇಳಿಲ್ಲವೋ ನಾವು ಓದಿಲ್ಲವೋ ಎಂಬುದು ಆಮೇಲೆ ತಿಳಿಯುವುದಿಲ್ಲ.

ದೌರ್ಬಲ್ಯದ ಕಾಲಂನಲ್ಲಂತೂ ‘ಸ್ಯಾಂಪಲ್ ಚಿಕ್ಕದು’, ‘ಒಂದೇ ರಾಜ್ಯ’ ಎಂಬ ಸಿದ್ಧ ಮಾತುಗಳೇ ಎಲ್ಲ ಸಾಲಿನಲ್ಲೂ ಕಾಣುತ್ತವೆ. ಅಲ್ಲಿ ಬರೆಯಬೇಕಾದ್ದು ಆ ಕೊರತೆ ಫಲಿತಾಂಶವನ್ನು ಯಾವ ಕಡೆಗೆ ಎಳೆಯುತ್ತದೆ ಎಂಬುದು. ಅಸರ್ ಗ್ರಾಮೀಣ ಮಕ್ಕಳ ಸಮೀಕ್ಷೆ, ಪಟ್ಟಣದ ಮಕ್ಕಳ ಬಗ್ಗೆ ಅದರಿಂದ ಏನೂ ಹೇಳಲಾಗದು. ಅದರ ಓದಿನ ಪರೀಕ್ಷೆ ಎರಡನೇ ತರಗತಿಯ ಮಟ್ಟದ ಪಾಠಕ್ಕೆ ಮುಗಿಯುತ್ತದೆ. ಐದನೇ ತರಗತಿಯ ಮಗು ಅದಕ್ಕಿಂತ ಎಷ್ಟೇ ಚೆನ್ನಾಗಿ ಓದಿದರೂ ಅಂಕದಲ್ಲಿ ಕಾಣುವುದಿಲ್ಲ. ಅಂದರೆ ಶೇ. 18 ಎಂಬುದು ನಿಜಕ್ಕಿಂತ ಕಡಿಮೆಯೇ ಇರಬಹುದು. ‘ಪರೀಕ್ಷೆಗೆ ಮೇಲ್ಮಿತಿ ಇದೆ, ಪರಿಣಾಮ ಕಡಿಮೆ ಕಾಣುವ ಸಾಧ್ಯತೆ’ ಎಂದು ಬರೆದಿಟ್ಟರೆ ಅದು ಅಧ್ಯಾಯದಲ್ಲಿ ನೇರ ಬಳಕೆಗೆ ಬರುತ್ತದೆ. ಅದರ ಪಕ್ಕದಲ್ಲೇ, ಇದನ್ನು ಲೇಖಕರೇ ಒಪ್ಪಿಕೊಂಡಿದ್ದಾರೋ ನನಗೆ ಕಂಡದ್ದೋ ಎಂದು ಗುರುತು ಹಾಕಬೇಕು. ಎರಡು ಬೆರೆತರೆ ನಮ್ಮ ಟೀಕೆಯನ್ನು ಅವರ ಬಾಯಿಗೆ ತುರುಕಿದಂತಾಗುತ್ತದೆ. ಕಲಬುರಗಿಯ ವಿದ್ಯಾರ್ಥಿಗೆ ಇಲ್ಲಿ ತನ್ನದೇ ಪ್ರಶ್ನೆ ಹೊಳೆಯಬೇಕು: ಯೋಜನೆ ನಮ್ಮ ಜಿಲ್ಲೆಗೆ ಮೊದಲು, ಮೈಸೂರಿಗೆ ಆಮೇಲೆ ಬಂತು, ಇಡೀ ರಾಜ್ಯಕ್ಕೆ ಒಂದೇ ಆರಂಭದ ದಿನ ಹಿಡಿದ ಯಾವುದೇ ಲೆಕ್ಕ ಕರ್ನಾಟಕದ ಮಟ್ಟಿಗೆ ಎಷ್ಟು ಸರಿ?

ವಿಧಾನದ ಕಾಲಂನಲ್ಲಿ ಇನ್ನೊಂದು ಸಣ್ಣ ತೊಡಕಿದೆ. ಒಂದು ಸಾಲಿನಲ್ಲಿ ‘ಸಮೀಕ್ಷೆ’, ಇನ್ನೊಂದರಲ್ಲಿ ‘ಸರ್ವೆ’, ಮತ್ತೊಂದರಲ್ಲಿ ‘ಸರ್ವೇ’ ಎಂದು ಬರೆದರೆ ಎಕ್ಸೆಲ್‌ಗೆ ಅವು ಮೂರು ಬೇರೆ ವಿಧಾನಗಳು. ನಾಲ್ಕೈದು ಪದಗಳನ್ನು ಮೊದಲೇ ನಿಗದಿ ಮಾಡಿ, `Data Validation` ಮೂಲಕ ಪಟ್ಟಿಯಿಂದ ಆರಿಸುವಂತೆ ಮಾಡಿಕೊಂಡರೆ ಎಣಿಕೆ ಸರಿಯಾಗಿ ಬರುತ್ತದೆ. ವಿಧಾನ C ಕಾಲಂನಲ್ಲಿದ್ದರೆ:

```
=COUNTIF(C2:C41,"ಸಮೀಕ್ಷೆ")
```

ಎಲ್ಲ ಲೇಖನಗಳನ್ನೂ ತುಂಬುವ ಮೊದಲು ಸ್ವಭಾವದಲ್ಲಿ ಬೇರೆಯಾದ ಮೂರು ಲೇಖನಗಳನ್ನು ಹಾಕಿ ನೋಡುವುದು ಲೇಸು. ಇಪ್ಪತ್ತು ಸಾಲಾದ ಮೇಲೆ ಹೊಸ ಕಾಲಂ ಬೇಕೆನಿಸಿದರೆ ಇಪ್ಪತ್ತನ್ನೂ ಮತ್ತೆ ಓದಬೇಕಾಗುತ್ತದೆ.

ತುಂಬಿದ ಶೀಟನ್ನು ಅಡ್ಡಲಾಗಿ ಓದಿದರೆ ಒಂದೊಂದು ಲೇಖನದ ಕಥೆ ಸಿಗುತ್ತದೆ. ಅಧ್ಯಾಯ ಹುಟ್ಟುವುದು ಮೇಲಿನಿಂದ ಕೆಳಕ್ಕೆ ಓದಿದಾಗ. ‘ಏನನ್ನು ಅಳೆದರು’ ಎಂಬ ಕಾಲಂ ನೋಡಿ: ಒಂದು ದಿನದ ಆಹಾರ, ಓದು ಮತ್ತು ಲೆಕ್ಕ, ಮುಂದಿನ ಪೀಳಿಗೆಯ ಎತ್ತರ. ಮೂರೂ ‘ಬಿಸಿಯೂಟದಿಂದ ಒಳ್ಳೆಯದಾಯಿತು’ ಎನ್ನುತ್ತವೆ, ಆದರೆ ಒಂದು ಇನ್ನೊಂದನ್ನು ದೃಢಪಡಿಸುವುದಿಲ್ಲ, ಏಕೆಂದರೆ ನೋಡಿದ ವಸ್ತುವೇ ಬೇರೆ. ಹೋಲಿಕೆಯ ಕಾಲಂ ನೋಡಿ: ಕೆಲವು ಶಾಲೆಗೆ ಊಟ ಕೊಟ್ಟು ಕೆಲವಕ್ಕೆ ಕೊಡದೆ ಚೀಟಿ ಎತ್ತಿ ಮಾಡಿದ ಪ್ರಯೋಗ ಈ ಮೂರರಲ್ಲಿ ಒಂದೂ ಇಲ್ಲ. ಎಲ್ಲರಿಗೂ ಕೊಡಬೇಕೆಂದು ಕೋರ್ಟೇ ಹೇಳಿದ ಮೇಲೆ ಅಂಥ ಪ್ರಯೋಗಕ್ಕೆ ಜಾಗ ಉಳಿಯಲಿಲ್ಲ. ರಜೆಯ ದಿನ, ಆರಂಭದ ವರ್ಷ ಇಂಥ ಸುತ್ತುದಾರಿಗಳನ್ನು ಸಂಶೋಧಕರು ಹಿಡಿದದ್ದು ಅದಕ್ಕಾಗಿಯೇ.

ಇನ್ನು ಅಧ್ಯಾಯವನ್ನು ‘ಅಫ್ರಿದಿ ಹೀಗೆಂದರು, ಚಕ್ರವರ್ತಿ ಹಾಗೆಂದರು’ ಎಂದು ಸಾಲು ಸಾಲಾಗಿ ಒಪ್ಪಿಸಬೇಕಿಲ್ಲ. ಆಹಾರದ ಬಗ್ಗೆ ಒಂದು ಪ್ಯಾರಾ, ಕಲಿಕೆಯ ಬಗ್ಗೆ ಒಂದು, ದೇಹದ ಬೆಳವಣಿಗೆಯ ಬಗ್ಗೆ ಒಂದು. ಪ್ರತಿ ಪ್ಯಾರಾದಲ್ಲೂ ಆ ವಿಷಯವನ್ನು ಅಳೆದ ಸಾಲುಗಳನ್ನಷ್ಟೇ ಎದುರುಬದುರು ಇಟ್ಟು, ಅಂಕಿಗಳು ಹೊಂದದಿದ್ದರೆ ಮೊದಲು ಹೋಲಿಕೆಯ ಕಾಲಂ, ಆಮೇಲೆ ಸ್ಯಾಂಪಲ್ ಕಾಲಂ ನೋಡಬೇಕು. ಸಾಮಾನ್ಯವಾಗಿ ವ್ಯತ್ಯಾಸದ ಕಾರಣ ಆ ಎರಡರಲ್ಲೊಂದು ಕಡೆ ಸಿಗುತ್ತದೆ.