ಎಪ್ಪತ್ತೆರಡನೇ ಗಂಟೆಯ ಪ್ರಶ್ನೆ

ಮೂತ್ರದ ಸೋಂಕು ರಕ್ತಕ್ಕೇರಿ, ಚಳಿಜ್ವರದಲ್ಲಿ ನಡುಗುತ್ತ ಅರವತ್ತೈದರ ಅಜ್ಜಿಯೊಬ್ಬರು ದಾಖಲಾದರು ಎನ್ನಿ. ಯಾವ ರೋಗಾಣು ಎಂದು ಆಗ ಗೊತ್ತಿರುವುದಿಲ್ಲ, ಕಾಯುವಂತೆಯೂ ಇಲ್ಲ. ಹಾಗಾಗಿ ಮೆರೊಪೆನೆಮ್‌ನಂಥ ಪ್ರಬಲ ಆ್ಯಂಟಿಬಯೋಟಿಕ್ ಶುರುಮಾಡುವುದು ಸರಿಯೇ. ಆಸ್ಪತ್ರೆ ಸಿಬ್ಬಂದಿಗೆ ಈ ವಿಷಯದಲ್ಲಿ ಉಪನ್ಯಾಸ ನೀಡುವವರು ಒತ್ತಿ ಹೇಳಬೇಕಾದದ್ದು ಆಮೇಲಿನ ಕೆಲಸವನ್ನು.

ಕಲ್ಚರ್‌ನಲ್ಲಿ ರೋಗಾಣು ಬೆಳೆಯಲು ಒಂದೆರಡು ದಿನ, ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ತಿಳಿಯಲು ಇನ್ನೊಂದು ದಿನ ಬೇಕು. ಅದಕ್ಕೇ 72 ಗಂಟೆಯ ಗಡುವು. ಅಜ್ಜಿಯ ವರದಿಯಲ್ಲಿ ಇ. ಕೋಲೈ ಬಂದಿದೆ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುತ್ತದೆ, ಜ್ವರವೂ ಇಳಿದಿದೆ. ಇನ್ನು ಮೆರೊಪೆನೆಮ್ ಬೇಡ. ಸೆಫ್ಟ್ರಿಯಾಕ್ಸೋನ್‌ಗೆ ಬದಲಿಸಿ, ಒಟ್ಟು 7 ದಿನಕ್ಕೆ ಮುಗಿಸುವ ತಾರೀಖನ್ನು ಕೇಸ್ ಶೀಟ್‌ನಲ್ಲೇ ಬರೆದಿಡಬೇಕು. ಆ ತಾರೀಖಿಲ್ಲದಿದ್ದರೆ ಹಳೆಯ ಔಷಧವೇ ದಿನವೂ ಚಾರ್ಟಿನಲ್ಲಿ ಮುಂದುವರಿಯುತ್ತದೆ.

ಹೆಚ್ಚು ಎಡವಟ್ಟಾಗುವುದು ಮೊದಲ ಗಂಟೆಯಲ್ಲಿ. ಇಂಜೆಕ್ಷನ್ ಕೊಟ್ಟ ಮೇಲೆ ರಕ್ತ ತೆಗೆದರೆ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು. ಆಗ ‘ಬೆಳವಣಿಗೆ ಇಲ್ಲ’ ಎಂಬ ವರದಿಯನ್ನು ನಂಬಿ ಔಷಧ ನಿಲ್ಲಿಸಲೂ ಆಗದು, ಬದಲಿಸಲು ಆಧಾರವೂ ಇರದು. ನನ್ನ ಮಟ್ಟಿಗೆ, ಮೂರನೇ ದಿನದ ಪರಿಶೀಲನೆ ವೈದ್ಯರೊಬ್ಬರದೇ ಅಲ್ಲ. ಮೊದಲ ಡೋಸ್‌ಗೆ ಮುಂಚೆ ರಕ್ತ ತೆಗೆದಿಡುವ ನರ್ಸ್ ಅದನ್ನು ಆಗಲೇ ಆರಂಭಿಸಿರುತ್ತಾರೆ.