ಶುಕ್ರವಾರ ಮುಗಿಯುವುದು ಎಷ್ಟು ಗಂಟೆಗೆ?

ಅಮೆರಿಕದ ಗ್ರಾಹಕರಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ ಬರುವ ಮೇಲ್‌ಗಳಲ್ಲಿ ‘ಶುಕ್ರವಾರ ಇಒಡಿ ಒಳಗೆ ಕಳಿಸಿ’ ಎಂಬ ಸೂಚನೆ ಸಾಮಾನ್ಯ. ಇಒಡಿ ಎಂದರೆ ದಿನದ ಕೆಲಸ ಮುಗಿಯುವ ಹೊತ್ತು. ಯಾವ ಊರಿನ ಹೊತ್ತು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಈ ಸೂಚನೆ ನ್ಯೂಯಾರ್ಕ್‌ನಿಂದ ಬಂದಿದೆ, ಗಡುವು 2026ರ ಮಾರ್ಚ್ 13ರ ಶುಕ್ರವಾರ ಎಂದಿಟ್ಟುಕೊಳ್ಳಬಹುದು. ಬೆಂಗಳೂರಿನವರ ಲೆಕ್ಕದಲ್ಲಿ ಅದು ಸಂಜೆ 6 ಗಂಟೆ. ಆಗ ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಎಂಟೂವರೆ, ಅಲ್ಲಿ ಕಚೇರಿಯೇ ತೆರೆದಿರುವುದಿಲ್ಲ. ಕಳಿಸಿದವರ ಮನಸ್ಸಿನಲ್ಲಿರುವುದು ತಮ್ಮೂರಿನ ಸಂಜೆ 5 ಗಂಟೆ, ಅಂದರೆ ಭಾರತದಲ್ಲಿ ಶನಿವಾರ ನಸುಕಿನ ಎರಡೂವರೆ. ಎರಡು ಲೆಕ್ಕಗಳ ನಡುವೆ ಎಂಟೂವರೆ ಗಂಟೆ ಅಂತರ. ಒಂದು ತಂಡ ಸುಮ್ಮನೆ ಧಾವಂತಪಡುತ್ತದೆ. ಇಲ್ಲವೇ ‘ಶುಕ್ರವಾರ ರಾತ್ರಿ ಕೂತು ಮುಗಿಸೋಣ’ ಎಂದುಕೊಂಡದ್ದು ಶನಿವಾರ ಬೆಳಗಿಗೆ ಜಾರಿ ಗಡುವು ದಾಟುತ್ತದೆ.

ಗಡುವು ಒಂದು ವಾರ ಮೊದಲು, ಮಾರ್ಚ್ 6ಕ್ಕೆ ಇದ್ದಿದ್ದರೆ ನ್ಯೂಯಾರ್ಕ್‌ನ ಅದೇ ಸಂಜೆ 5 ಗಂಟೆ ನಮ್ಮಲ್ಲಿ ನಸುಕಿನ ಮೂರೂವರೆ ಆಗುತ್ತಿತ್ತು. ಅಮೆರಿಕದ ಬಹುಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ಭಾರತದಲ್ಲಿ ಈ ಪದ್ಧತಿಯಿಲ್ಲ. ಇಎಸ್‌ಟಿ ಎಂಬುದು ನ್ಯೂಯಾರ್ಕ್‌ನ ಚಳಿಗಾಲದ ಸಮಯ, ಬೇಸಿಗೆಯದು ಇಡಿಟಿ. ಅಮೆರಿಕದವರೇ ಬೇಸಿಗೆಯಲ್ಲೂ ರೂಢಿಯಿಂದ ಇಎಸ್‌ಟಿ ಎಂದು ಬರೆದುಬಿಡುತ್ತಾರೆ. ನಮ್ಮ ಐಎಸ್‌ಟಿ ಕೂಡ ಭಾರತಕ್ಕಷ್ಟೇ ಮೀಸಲಲ್ಲ, ಇಸ್ರೇಲಿನವರೂ ಐರ್ಲೆಂಡಿನವರೂ ಅದೇ ಮೂರಕ್ಷರ ಬಳಸುತ್ತಾರೆ. ಆದ್ದರಿಂದ ಸಂಕ್ಷೇಪಕ್ಕಿಂತ ಊರಿನ ಹೆಸರೇ ವಾಸಿ.

ಸರಿಯಾದ ಸೂಚನೆ ಹೀಗಿರುತ್ತದೆ: ‘ಶುಕ್ರವಾರ, 13 ಮಾರ್ಚ್ 2026, ಸಂಜೆ 5:00, ನ್ಯೂಯಾರ್ಕ್ ಸಮಯ (ಭಾರತದಲ್ಲಿ ಶನಿವಾರ, 14 ಮಾರ್ಚ್, ನಸುಕಿನ 2:30)’. ಇಲ್ಲಿ ವಾರದ ಹೆಸರು ಅಲಂಕಾರಕ್ಕಲ್ಲ. ತಾರೀಖು ತಪ್ಪಿದ್ದರೆ ವಾರಕ್ಕೂ ಅದಕ್ಕೂ ತಾಳೆಯಾಗದೆ ಓದುವವರಿಗೆ ಕೂಡಲೇ ತಿಳಿಯುತ್ತದೆ. ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. 03/04 ಎಂಬುದು ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ‘ಶುಕ್ರವಾರ ಮಧ್ಯರಾತ್ರಿ’ಯೂ ಬೇಡ. ಅದು ಶುಕ್ರವಾರ ಶುರುವಾಗುವ ಹೊತ್ತೋ ಮುಗಿಯುವ ಹೊತ್ತೋ ಎಂಬ ಗೊಂದಲಕ್ಕೆ ‘ರಾತ್ರಿ 11:59’ ಪರಿಹಾರ.

ಪ್ರತಿ ವಾರ ನಡೆಯುವ ಸಭೆಗೆ ಯಾವ ಊರಿನ ಗಡಿಯಾರ ಆಧಾರ ಎಂಬುದನ್ನೂ ಮೊದಲೇ ಹೇಳಬೇಕು. ನ್ಯೂಯಾರ್ಕ್‌ನ ಬೆಳಿಗ್ಗೆ 9 ಗಂಟೆಗೆ ಕಟ್ಟಿಹಾಕಿದ ಸಭೆ ಬೆಂಗಳೂರಿನಲ್ಲಿ ಚಳಿಗಾಲದಲ್ಲಿ ಸಂಜೆ ಏಳೂವರೆಗೆ, ಬೇಸಿಗೆಯಲ್ಲಿ ಆರೂವರೆಗೆ ಬೀಳುತ್ತದೆ.

ಕೆಲಸ ಎಂದು ಮುಗಿಯುತ್ತದೋ ನಿಜವಾಗಿಯೂ ಗೊತ್ತಿಲ್ಲದಿದ್ದರೆ ಸುಳ್ಳು ತಾರೀಖು ಕೊಡುವುದು ‘ಮುಂದಿನ ವಾರ ಯಾವಾಗಲಾದರೂ’ ಎನ್ನುವುದಕ್ಕಿಂತ ಕೆಟ್ಟದ್ದು. ಆಗ ಖಚಿತ ದಿನವನ್ನು ಯಾವಾಗ ತಿಳಿಸಲಾಗುವುದು ಎಂಬುದನ್ನಾದರೂ ಹೇಳಬಹುದು: ‘ಬುಧವಾರ, 11 ಮಾರ್ಚ್, ಬೆಂಗಳೂರು ಸಮಯ ಬೆಳಿಗ್ಗೆ 11ರೊಳಗೆ ದಿನಾಂಕ ತಿಳಿಸುತ್ತೇವೆ.’