ಬಾಯಿಪಾಠದ ಉತ್ತರ ಮಾತಾಗಬೇಕಾದರೆ

ಜತ್ತ, ಅಕ್ಕಲಕೋಟ ಕಡೆಯ ನಮ್ಮ ಹುಡುಗರು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಸಲೀಸಾಗಿ ಆಡುತ್ತಾರೆ. ಆದರೆ ನೌಕರಿಯ ಸಂದರ್ಶನಕ್ಕೆ ಹೊರಟರೆ ಗೈಡಿನ ಉತ್ತರ ಉರು ಹೊಡೆದುಕೊಂಡು ಹೋಗುತ್ತಾರೆ. ಉತ್ತರದಲ್ಲಿ ತಪ್ಪಿರುವುದಿಲ್ಲ. ಆದರೂ ಎದುರು ಕುಳಿತವರಿಗೆ ಎರಡನೇ ವಾಕ್ಯಕ್ಕೇ ಗೊತ್ತಾಗಿಬಿಡುತ್ತದೆ. ದನಿ ಏರುವುದಿಲ್ಲ, ಇಳಿಯುವುದಿಲ್ಲ. ನಡುವೆ ಏನಾದರೂ ಕೇಳಿದರೆ ಹುಡುಗ ಮತ್ತೆ ಮೊದಲಿನಿಂದ ಸುರು ಮಾಡುತ್ತಾನೆ.

ನನ್ನ ತಮ್ಮನ ಮಗ ಗ್ರಾಮೀಣ ಬ್ಯಾಂಕಿನ ಅಧಿಕಾರಿ ಹುದ್ದೆಗೆ ತಯಾರಿ ನಡೆಸಿದ್ದ. “ತೋಟ ಇದ್ದೂ ಬ್ಯಾಂಕಿಗೆ ಯಾಕೆ ಬರ್ತೀರಿ?” ಎಂಬ ಪ್ರಶ್ನೆಗೆ, “ಗ್ರಾಮೀಣ ಭಾರತದ ಆರ್ಥಿಕ ಸಬಲೀಕರಣದಲ್ಲಿ ಸಕ್ರಿಯ ಪಾತ್ರ ವಹಿಸುವುದು ನನ್ನ ಧ್ಯೇಯ” ಎಂದು ಒಪ್ಪಿಸಿದ. ನಾನಂದೆ: “ಅದಿರಲಿ ತಮ್ಮಾ, ನಿಮ್ಮವ್ವಗ ತಿಳಿಯೂ ಹಂಗ ಹೇಳು.”

“ಕಾಕಾ, ದಾಳಿಂಬಿ ಛಾಟಣಿ ಹೊತ್ತಿಗೆ ರೊಕ್ಕ ಬೇಕಾಗ್ತದ. ಸಾಲ ತಡ ಆದ್ರ ಔಷಧ ಉದ್ರಿ ತರಬೇಕು, ಅಂಗಡಿಯಾವ ಹೇಳಿದ್ದೇ ದರ. ವ್ಯಾಳ್ಯಾಕ್ಕ ಸಾಲ ಕೊಡೂ ಕೆಲಸ ನಾ ಮಾಡಬೇಕಂತೀನಿ.”

ಉತ್ತರ ಇದೇ. ಇದನ್ನು ಪೂರಾ ಬರೆದುಕೊಂಡರೆ ಮತ್ತೆ ಬಾಯಿಪಾಠವಾಗುತ್ತದೆ. ಅದಕ್ಕೇ ಚೀಟಿಯ ಮೇಲೆ ಮೂರೇ ಶಬ್ದ ಬರೆಸಿದೆ: ಛಾಟಣಿ, ಉದ್ರಿ, ವೇಳೆ. ಮೊದಲ ವಾಕ್ಯ ಮಾತ್ರ ಗಟ್ಟಿ ಮಾಡಿಕೊಳ್ಳಬಹುದು, ಏಕೆಂದರೆ ಬಾಯಿ ಒಣಗುವುದು ಅಲ್ಲಿಯೇ. ಉಳಿದದ್ದನ್ನು ಅವ್ವನಿಗೆ ಕನ್ನಡದಲ್ಲಿ, ಮರಾಠಿ ಗೆಳೆಯನಿಗೆ ಮರಾಠಿಯಲ್ಲಿ, ಕಡೆಗೆ ನನಗೆ ಸಂದರ್ಶನದ ಹಿಂದಿಯಲ್ಲಿ ಹೇಳಿದ. ಭಾಷೆ ಬದಲಾದಾಗ ವಾಕ್ಯ ಹೊಸದಾಗಿ ಕಟ್ಟಲೇಬೇಕು. ಶಬ್ದ ಬದಲಾದವು, ಕ್ರಮ ಬದಲಾಗಲಿಲ್ಲ. ಎರಡು ಭಾಷೆಯ ನಮ್ಮ ಮಂದಿಗೆ ಇದು ಮನೆಯಲ್ಲೇ ಇರುವ ಅನುಕೂಲ.

ಆಮೇಲೆ ಪರೀಕ್ಷೆ. ಅವನು ಉದ್ರಿಯ ಮಾತಿಗೆ ಬಂದಾಗ ನಡುವೆ ಬಾಯಿ ಹಾಕಿ, “ರೊಕ್ಕ ಕೊಟ್ಟು ತಂದರೆ ದರ ಕಮ್ಮಿ ಏನು?” ಎಂದು ಕೇಳಿದೆ. ಅದಕ್ಕೆ ಉತ್ತರ ಕೊಟ್ಟು ನೆಟ್ಟಗೆ ಮೂರನೇ ಶಬ್ದಕ್ಕೆ ಬಂದ. ಹೀಗೆ ತಿರುಗಿ ಬರಲಾಗದಿದ್ದರೆ ಉತ್ತರ ಇನ್ನೂ ಪಾಠವೇ ಎಂದು ತಿಳಿಯಬೇಕು. ಸಹಜ ಕಾಣಲೆಂದು ಬೇಕೆಂದೇ ತಡವರಿಸುವುದು ಬೇಡ. ಅದೂ ಕಲಿತ ಆಟವೆಂದು ಗೊತ್ತಾಗುತ್ತದೆ. ಪ್ರಶ್ನೆ ಮುಗಿದ ಮೇಲೆ ಒಂದು ಉಸಿರು ತಡೆದು ಸುರು ಮಾಡಿದರೆ ಸಾಕು.

ಇಸವಿ, ಹೆಸರುಗಳನ್ನು ಮಾತ್ರ ಉರು ಹೊಡೆಯಲೇಬೇಕು. ಗ್ರಾಮೀಣ ಬ್ಯಾಂಕುಗಳು ಆರಂಭವಾದದ್ದು 1975ರಲ್ಲಿ, ನಬಾರ್ಡ್ 1982ರಲ್ಲಿ, ಕಿಸಾನ್ ಕ್ರೆಡಿಟ್ ಕಾರ್ಡ್ 1998ರಲ್ಲಿ. ಇವು ಯಾವ ಭಾಷೆಯಲ್ಲಿ ಹೇಳಿದರೂ ಬದಲಾಗುವಂಥವಲ್ಲ. ಕೇಳಿದಾಗ ಚುಟುಕಾಗಿ ಹೇಳಿ ಸುಮ್ಮನಾಗಬೇಕು.